ಕಂತೂ ಕದಲಲಿಲ್ಲ, ಸಾಲವೂ ಕದಲಲಿಲ್ಲ

ಗೃಹಸಾಲದ ಮಾತು ಬಂದಾಗ ಮಧ್ಯಮವರ್ಗದ ಯಾವ ಮನೆಯಲ್ಲಾದರೂ ಒಂದು ಮಾತು ಕೇಳಿಸುತ್ತದೆ: “ಬಡ್ಡಿ ಏರಿದೆಯಂತೆ, ಆದರೆ ನಮ್ಮ ಇಎಂಐ ಅಷ್ಟೇ ಇದೆ ಬಿಡಿ.” ಹೇಳುವವರ ಮುಖದಲ್ಲಿ ಮಳೆಗೆ ಸಿಕ್ಕಿಯೂ ನೆನೆಯದೆ ಬಂದವರ ಸಮಾಧಾನ. ಕೇಳುವವರೂ ತಲೆಯಾಡಿಸುತ್ತಾರೆ. ತಿಂಗಳ ಐದನೇ ತಾರೀಖು ಖಾತೆಯಿಂದ ಕಳೆದ ವರ್ಷದಷ್ಟೇ ಹಣ ಹೋಗುತ್ತಿದೆಯೆಂದ ಮೇಲೆ ಸಾಲ ಸರಿಯಾದ ದಾರಿಯಲ್ಲೇ ಇದೆ ಎಂಬುದು ಎಲ್ಲರೂ ಒಪ್ಪಿಕೊಂಡ ನಂಬಿಕೆ.

ಈ ನಂಬಿಕೆ ಬರೀ ತಪ್ಪಲ್ಲ, ದುಬಾರಿ ತಪ್ಪು. ಬಡ್ಡಿ ಏರಿದಾಗ ಕಂತು ಏರಲಿಲ್ಲವೆಂದರೆ ಆ ಏರಿಕೆಯನ್ನು ಬ್ಯಾಂಕು ಮನ್ನಾ ಮಾಡಿತೆಂದು ಅರ್ಥವೇ? ಯಾವ ಬ್ಯಾಂಕು ಅಂಥ ದಾನಶೂರ ಕರ್ಣ? ಏರಿದ ಬಡ್ಡಿ ಎಲ್ಲಿಂದಲೋ ವಸೂಲಾಗಲೇಬೇಕು. ಅದು ವಸೂಲಾಗುವುದು ಕಂತಿನೊಳಗಿನ ಅಸಲಿನ ಪಾಲಿನಿಂದ. ಹೊರಗಿನಿಂದ ನೋಡಿದರೆ ಕಂತು ಹಾಗೇ ಇರುತ್ತದೆ, ಒಳಗಿನ ತಿರುಳನ್ನು ಬಡ್ಡಿ ತಿಂದುಹಾಕಿರುತ್ತದೆ.

ನಮ್ಮ ಅಜ್ಜಂದಿರಿಗೆ ಈ ಆಟ ಗೊತ್ತಿತ್ತು. ಊರಿನ ಸಾಹುಕಾರ “ಸದ್ಯಕ್ಕೆ ಬಡ್ಡಿ ಕಟ್ಟಿಕೊಂಡು ಹೋಗು, ಅಸಲು ಆಮೇಲೆ ನೋಡೋಣ” ಎಂದರೆ, ಅದು ಕರುಣೆಯ ಮಾತಲ್ಲವೆಂದು ಓದು ಬರಹ ಬಾರದ ರೈತನಿಗೂ ತಿಳಿಯುತ್ತಿತ್ತು. ಇಂದಿಗೂ ಒಡವೆ ಅಡವಿಟ್ಟವರು ವರ್ಷಕ್ಕೊಮ್ಮೆ ಬಡ್ಡಿಯಷ್ಟೇ ಕಟ್ಟಿ ಚೀಟಿ ಹೊಸದು ಮಾಡಿಸುವಾಗ ಸಾಲ ತೀರುತ್ತಿದೆ ಎಂದು ಭ್ರಮಿಸುವುದಿಲ್ಲ. ಅದೇ ಮಂದಿ ಇಎಂಐ ಎಂಬ ಮೂರಕ್ಷರದ ಮುಂದೆ ಮಾತ್ರ ಲೆಕ್ಕ ಮರೆಯುತ್ತಾರೆ. ಪದವಿ ಪಡೆದವರು, ಕಂಪನಿಗಳ ಲೆಕ್ಕಪತ್ರ ನೋಡುವವರು, ಗಣಿತ ಕಲಿಸುವವರೂ ಇದಕ್ಕೆ ಹೊರತಲ್ಲ.

ಗಣಿತದ ಮಾತು ಬಂದಿತಲ್ಲ, ತುಮಕೂರಿನಲ್ಲಿ ಮನೆ ಕಟ್ಟಿಸಿದ ಪ್ರೌಢಶಾಲೆಯ ಮೇಷ್ಟ್ರೊಬ್ಬರನ್ನೇ ಕಲ್ಪಿಸಿಕೊಳ್ಳಿ. ವಯಸ್ಸು 35. 2022ರ ಏಪ್ರಿಲ್‌ನಲ್ಲಿ 30 ಲಕ್ಷ ರೂಪಾಯಿ ಸಾಲ, 20 ವರ್ಷದ ಅವಧಿ, 240 ಕಂತು. ಆಗ ರಿಸರ್ವ್ ಬ್ಯಾಂಕಿನ ರೆಪೊ ದರ ಶೇಕಡ 4 ಇತ್ತು. ಅದರ ಮೇಲೆ ಬ್ಯಾಂಕು ತನ್ನ ಪಾಲಿನ 3 ಸೇರಿಸಿ ಶೇಕಡ 7ಕ್ಕೆ ಸಾಲ ಕೊಟ್ಟಿತು. ಕಂತು 23,259 ರೂಪಾಯಿ. “ಲಕ್ಷಕ್ಕೆ ತಿಂಗಳಿಗೆ 775 ಮಾತ್ರ ಸಾರ್” ಎಂದು ಏಜೆಂಟರು ಹೇಳುವ ಲೆಕ್ಕ ಇದೇ. ಮೇಷ್ಟ್ರು ಕಲ್ಪಿತರು, ರೆಪೊ ದರ ಮತ್ತು ಅದರ ತಾರೀಖುಗಳು ಮಾತ್ರ ನಿಜ.

ಮೊದಲ ಕಂತು ಒಳಗೆ ಹೇಗೆ ಒಡೆಯುತ್ತದೆ? 30 ಲಕ್ಷಕ್ಕೆ ವರ್ಷಕ್ಕೆ ಶೇಕಡ 7ರಂತೆ ಬಡ್ಡಿ 2,10,000, ತಿಂಗಳಿಗೆ 17,500. ಕಟ್ಟಿದ 23,259ರಲ್ಲಿ ಮೊದಲು ಈ 17,500 ಬಡ್ಡಿಗೆ ಹೋಯಿತು. ಮಿಕ್ಕ 5,759 ಅಸಲಿಗೆ ಜಮೆಯಾಯಿತು. ಬಾಕಿ 29,94,241. ಎರಡನೇ ತಿಂಗಳು ಬಡ್ಡಿ ಬೀಳುವುದು ಈ ಇಳಿದ ಬಾಕಿಯ ಮೇಲೆ, ಆದ್ದರಿಂದ ಬಡ್ಡಿ 17,466, ಅಸಲು 5,793. ಮೂರನೇ ತಿಂಗಳು ಬಡ್ಡಿ 17,433, ಅಸಲು 5,826, ಬಾಕಿ 29,82,622. ತಿಂಗಳಿಗೆ ಮೂವತ್ತು ಚಿಲ್ಲರೆ ರೂಪಾಯಿ ಬಡ್ಡಿಯ ಕಡೆಯಿಂದ ಅಸಲಿನ ಕಡೆಗೆ ಸರಿಯುತ್ತದೆ. ಆರಂಭದಲ್ಲಿ ಇರುವೆ ನಡಿಗೆ, ಹೋಗುತ್ತಾ ಹೋಗುತ್ತಾ ಓಟ. ದರ ಹೀಗೇ ನಿಂತಿದ್ದರೆ ಹನ್ನೆರಡು ಕಂತಿನ ಕೊನೆಗೆ 71,368 ರೂಪಾಯಿ ಅಸಲು ಕರಗಿ, ಬಾಕಿ 29,28,632ಕ್ಕೆ ಇಳಿಯಬೇಕಿತ್ತು. ಸಾಲ ಕೊಟ್ಟ ದಿನ ಬ್ಯಾಂಕು ಮುದ್ರಿಸಿ ಕೈಗಿಟ್ಟ ಮರುಪಾವತಿ ಪಟ್ಟಿಯಲ್ಲಿ ಇದೇ ಅಂಕಿ ಇರುತ್ತದೆ. ಆ ಪಟ್ಟಿ ಮನೆಯ ಪತ್ರಗಳ ಜೊತೆ ಬೀರುವಿನಲ್ಲಿ ಭದ್ರವಾಗಿ ಕೂತಿರುತ್ತದೆ.

ಆದರೆ 2022ರ ಮೇ 4ರಂದು ರಿಸರ್ವ್ ಬ್ಯಾಂಕು ರೆಪೊ ಏರಿಸಿತು. ಜೂನ್‌ನಲ್ಲಿ ಮತ್ತೆ, ಆಗಸ್ಟ್‌ನಲ್ಲಿ ಮತ್ತೆ, ಸೆಪ್ಟೆಂಬರ್ ಕೊನೆಗೆ ಮತ್ತೆ, ಡಿಸೆಂಬರ್‌ನಲ್ಲಿ ಮತ್ತೆ, 2023ರ ಫೆಬ್ರವರಿ 8ರಂದು ಮತ್ತೊಮ್ಮೆ. ಹತ್ತು ತಿಂಗಳೊಳಗೆ 4 ಇದ್ದದ್ದು 6.5 ಆಯಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ದರದ ಹೊಸ ಗೃಹಸಾಲಗಳನ್ನು ಇಂಥ ಹೊರಗಿನ ಮಾನದಂಡವೊಂದಕ್ಕೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಅದಕ್ಕೆ ಹೊಂದಿಸಬೇಕು. ಮೇಷ್ಟ್ರ ಸಾಲವೂ ರೆಪೊಗೆ ಕಟ್ಟಿದ್ದೇ. ಅವರ ದರ ಜುಲೈನಲ್ಲಿ 7.9, ಅಕ್ಟೋಬರ್‌ನಲ್ಲಿ 8.9, ಜನವರಿಯಲ್ಲಿ 9.25, ಏಪ್ರಿಲ್‌ನಲ್ಲಿ 9.5 ಎಂದು ಮೆಟ್ಟಿಲು ಹತ್ತಿತು.

ಕಂತು? ಅದೇ 23,259. ಸ್ಟಾಫ್‌ರೂಮಿನಲ್ಲಿ ಮೇಷ್ಟ್ರು ನಿರಾಳ.

ಈಗ ಆ ಕಂತನ್ನು ಒಡೆದು ನೋಡಬೇಕು. ಜೂನ್‌ನಲ್ಲಿ ಅಸಲಿಗೆ 5,826 ಹೋಗಿತ್ತು. ಜುಲೈನಲ್ಲಿ ಬಡ್ಡಿ 19,636ಕ್ಕೆ ಏರಿದ್ದರಿಂದ ಅಸಲಿಗೆ ಉಳಿದದ್ದು 3,623. ಅಕ್ಟೋಬರ್‌ನಲ್ಲಿ ಬಡ್ಡಿ 22,040, ಅಸಲಿಗೆ 1,219. ಜನವರಿಯಲ್ಲಿ ಬಡ್ಡಿ 22,878, ಅಸಲಿಗೆ 381 ರೂಪಾಯಿ. ಇಪ್ಪತ್ಮೂರು ಸಾವಿರ ಕಟ್ಟಿ ಮುನ್ನೂರ ಎಂಬತ್ತೊಂದು ರೂಪಾಯಿ ಸಾಲ ತೀರಿಸಿದ್ದು! ದರ್ಶಿನಿಯಲ್ಲಿ ನಾಲ್ವರು ತಿಂಡಿ ತಿಂದರೆ ಆಗುವ ಬಿಲ್ಲು ಅದು. ಮಾರ್ಚ್ ಕೊನೆಗೆ ಬಾಕಿ 29,66,845. ಹನ್ನೆರಡು ಕಂತಿನಲ್ಲಿ ಕಟ್ಟಿದ್ದು 2,79,108, ಅಸಲಿನಿಂದ ಕರಗಿದ್ದು 33,155. ಬೀರುವಿನಲ್ಲಿರುವ ಪಟ್ಟಿ ಹೇಳಿದ್ದರ ಅರ್ಧವೂ ಅಲ್ಲ.

ಏಪ್ರಿಲ್‌ನಲ್ಲಿ ದರ 9.5 ಆದಾಗ ತಿಂಗಳ ಬಡ್ಡಿ 23,488ಕ್ಕೆ ಬಂತು. ಕಂತು 23,259. ಅಂದರೆ ಪೂರ್ತಿ ಕಂತನ್ನು ತಂದು ಸುರಿದರೂ ಬಡ್ಡಿಗೇ 229 ರೂಪಾಯಿ ಕಡಿಮೆ. ಕಡಿಮೆ ಬಿದ್ದದ್ದು ಸಾಲಕ್ಕೆ ಸೇರುತ್ತದೆ. ಕಂತು ಕಟ್ಟಿದ ಮರುಕ್ಷಣ ಸಾಲ ಬೆಳೆಯುತ್ತದೆ. ಹೀಗೇ ಮುಂದುವರಿದರೆ ಈ ಸಾಲ ಇಪ್ಪತ್ತು ವರ್ಷಕ್ಕಲ್ಲ, ಇನ್ನೂರು ವರ್ಷಕ್ಕೂ ತೀರದು. “ನಮ್ಮ ಇಎಂಐ ಅಷ್ಟೇ ಇದೆ ಬಿಡಿ” ಎಂಬ ನಿಟ್ಟುಸಿರು ಹೊರಟದ್ದು ಇಂಥ ಹೊತ್ತಿನಲ್ಲಿ. ಸಾಹುಕಾರನಾದರೂ ಬಡ್ಡಿ ಕಟ್ಟಿದವನ ಅಸಲನ್ನು ಇದ್ದಲ್ಲೇ ಬಿಡುತ್ತಿದ್ದ.

ಇಂಥ ಸ್ಥಿತಿ ಬಂದ ಮೇಲೆ ಬ್ಯಾಂಕು ಕೈಕಟ್ಟಿ ಕೂರುವುದಿಲ್ಲ, ಕಂತನ್ನು ಮುಟ್ಟಲೇಬೇಕಾಗುತ್ತದೆ. ಆದರೆ ಎಷ್ಟು? ಪ್ರಶ್ನೆ ಇರುವುದೇ ಇಲ್ಲಿ. ಒಪ್ಪಂದದಂತೆ ಮಿಕ್ಕ 228 ತಿಂಗಳಲ್ಲೇ ಸಾಲ ಮುಗಿಯಬೇಕಾದರೆ ಕಂತು 28,151 ಆಗಬೇಕು. ಸುಮಾರು 4,900 ರೂಪಾಯಿ ಹೆಚ್ಚು. ಈ ಮಾತು ಕೇಳಿದರೆ ಗ್ರಾಹಕ ಕೌಂಟರಿನ ಮುಂದೆ ಕೂಗಾಡುತ್ತಾನೆ. ಅದಕ್ಕಿಂತ ಸುಲಭದ ದಾರಿ ಅವಧಿಯನ್ನು ಎಳೆಯುವುದು. ಒಟ್ಟು 20 ವರ್ಷವನ್ನು 30ಕ್ಕೆ ಎಳೆದರೆ ಉಳಿದ ಕಂತುಗಳು 348 ಆಗುತ್ತವೆ, ಕಂತು 25,102ಕ್ಕೆ ನಿಲ್ಲುತ್ತದೆ. ಏರಿಕೆ 1,843 ರೂಪಾಯಿ ಮಾತ್ರ. ಗ್ರಾಹಕನಿಗೆ ಸಹಿಸಬಹುದಾದ ಗೊಣಗು, ಬ್ಯಾಂಕಿಗೆ ಇನ್ನೂ ಹತ್ತು ವರ್ಷದ ಬಡ್ಡಿ. ಎಷ್ಟು ಬಡ್ಡಿ? 28,151ರ ದಾರಿಯಲ್ಲಿ ಅಲ್ಲಿಂದ ಮುಂದೆ ಕಟ್ಟಬೇಕಾದ ಬಡ್ಡಿ ಸುಮಾರು ಮೂವತ್ತನಾಲ್ಕೂವರೆ ಲಕ್ಷ. 25,102ರ ದಾರಿಯಲ್ಲಿ ಸುಮಾರು 57 ಲಕ್ಷ 69 ಸಾವಿರ. ತಿಂಗಳಿಗೆ ಮೂರು ಸಾವಿರ ರೂಪಾಯಿಯ ನೆಮ್ಮದಿಗೆ ತೆತ್ತ ಬೆಲೆ 23 ಲಕ್ಷ. ಐವತ್ತೈದಕ್ಕೆ ಋಣಮುಕ್ತರಾಗಬೇಕಿದ್ದ ಮೇಷ್ಟ್ರು ಈಗ ಅರುವತ್ತಕ್ಕೆ ಹಾರ ಹಾಕಿಸಿಕೊಂಡು ನಿವೃತ್ತರಾಗಿ, ಮತ್ತೆ ಐದು ವರ್ಷ ಕಂತು ಕಟ್ಟಬೇಕು. ಆ ಐದು ವರ್ಷದ ಸಂಬಳ ಯಾರು ಕೊಡುತ್ತಾರೆ?

ಈ ಆಯ್ಕೆಯನ್ನು ಮೇಷ್ಟ್ರು ಮಾಡಿದರೇ? ಅವರನ್ನು ಕೂರಿಸಿ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದರೆ ಮೂರು ಸಾವಿರವನ್ನು ಹೇಗೋ ಹೊಂದಿಸುತ್ತಿದ್ದರೇನೋ. ಟ್ಯೂಷನ್ ಹೇಳುತ್ತಿದ್ದರು, ಕಾರಿನ ಆಸೆ ಬಿಡುತ್ತಿದ್ದರು. ಪೂರ್ತಿ ಆಗದಿದ್ದರೂ ಅರ್ಧ ದಾರಿ ನಡೆಯಬಹುದಿತ್ತು. 25,102ರ ಮೇಲೆ ಬರೀ 1,500 ಸೇರಿಸಿ 26,602 ಕಟ್ಟಿದರೆ 348 ಕಂತಿನ ಬದಲು 272ಕ್ಕೇ ಸಾಲ ಮುಗಿಯುತ್ತದೆ. ಆರು ವರ್ಷ ನಾಲ್ಕು ತಿಂಗಳು ಮೊದಲೇ, 15 ಲಕ್ಷ ರೂಪಾಯಿ ಬಡ್ಡಿ ಉಳಿಸಿಕೊಂಡು. ಈ ಮಾತನ್ನು ಅವರಿಗೆ ಹೇಳಿದವರು ಯಾರು?

ಯಾರೂ ಹೇಳುತ್ತಿರಲಿಲ್ಲ ಎಂಬುದು ಬರೀ ದೂರಲ್ಲ. 2023ರ ಆಗಸ್ಟ್ 10ರ ಹೇಳಿಕೆಯಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರೇ ಇದನ್ನು ಎತ್ತಿದರು. ಸಾಲಗಾರರ ಸರಿಯಾದ ಒಪ್ಪಿಗೆಯಿಲ್ಲದೆ, ಅವರಿಗೆ ಸರಿಯಾಗಿ ತಿಳಿಸದೆ ಸಾಲದ ಅವಧಿಯನ್ನು ಅತಿಯಾಗಿ ಎಳೆದ ಹಲವು ಪ್ರಸಂಗಗಳು ತಪಾಸಣೆಯಲ್ಲೂ ಜನರ ದೂರುಗಳಲ್ಲೂ ಕಂಡುಬಂದಿವೆ ಎಂದರು. ಆಗಸ್ಟ್ 18ರಂದು ಸುತ್ತೋಲೆಯೂ ಬಂತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂದು ಆರಿಸುವ ಅವಕಾಶ ಸಾಲಗಾರನಿಗಿರಬೇಕು. ಅವಧಿ ಎಳೆದದ್ದರಿಂದ ಕಂತು ಬಡ್ಡಿಗೂ ಸಾಲದಂಥ ಸ್ಥಿತಿ ಬರಬಾರದು. ಮೂರು ತಿಂಗಳಿಗೊಮ್ಮೆ ಇದುವರೆಗೆ ವಸೂಲಾದ ಅಸಲು, ವಸೂಲಾದ ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ ಇಷ್ಟನ್ನೂ ಸರಳವಾಗಿ ತಿಳಿಸಬೇಕು. ಹಳೆಯ ಸಾಲಗಳಿಗೂ ಇದು ಆ ವರ್ಷದ ಡಿಸೆಂಬರ್ ಕೊನೆಯೊಳಗೆ ಅನ್ವಯವಾಗಬೇಕು.

ಸುತ್ತೋಲೆ ಒಳ್ಳೆಯದೇ. ಆದರೆ ಬಂದದ್ದು ಯಾವಾಗ? ರೆಪೊದ ಕೊನೆಯ ಏರಿಕೆಯಾಗಿ ಆರು ತಿಂಗಳು ಕಳೆದ ಮೇಲೆ, ಕುದುರೆ ಓಡಿಹೋದ ಲಾಯಕ್ಕೆ ಬೀಗ ಹಾಕಿದ ಹಾಗೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಆರಿಸುವ ಅವಕಾಶ ಸಾಲಗಾರನದು ಎಂದ ಸುತ್ತೋಲೆ, ಅವನು ಬಾಯಿಬಿಡದಿದ್ದರೆ ತಾನೇತಾನಾಗಿ ಯಾವುದು ಆಗಬೇಕು ಎಂಬುದನ್ನು ಬ್ಯಾಂಕಿನ ನೀತಿಗೇ ಬಿಟ್ಟಿದೆ. ಮೌನವನ್ನು ಸಮ್ಮತಿಯೆಂದು ಓದುವ ಪದ್ಧತಿ ಈ ದೇಶದಲ್ಲಿ ಹಳೆಯದು. ಬಾಯಿಬಿಡುವವರು ಎಷ್ಟು ಮಂದಿ? ಕಂತು ಏರದಿದ್ದರೆ ಬಾಯಿಬಿಡಲು ಕಾರಣವಾದರೂ ಏನು?

2024ರ ಅಕ್ಟೋಬರ್‌ನಿಂದ ಹೊಸ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕಡ್ಡಾಯವಾಗಿದೆ. ಅದರಲ್ಲಿ ಅವಧಿಯುದ್ದದ ಮರುಪಾವತಿ ಪಟ್ಟಿಯೂ ಇರಬೇಕು. ಸಂತೋಷ. ಆದರೆ ಬದಲಾಗುವ ದರದ ಸಾಲಕ್ಕೆ ಮೊದಲ ದಿನದ ಪಟ್ಟಿ ಹಳೇ ವರ್ಷದ ಪಂಚಾಂಗವಿದ್ದಂತೆ. ಮೂರು ತಿಂಗಳಲ್ಲಿ ಅದರ ತಿಥಿ ನಕ್ಷತ್ರವೆಲ್ಲ ತಪ್ಪುತ್ತವೆ. ಮೇಷ್ಟ್ರ ಬೀರುವಿನ ಪಟ್ಟಿ 2025ರ ಮಾರ್ಚ್ ಹೊತ್ತಿಗೆ, ಅಂದರೆ 36 ಕಂತು ಕಟ್ಟಿದ ಮೇಲೆ, ಬಾಕಿ 27,70,044 ಎನ್ನುತ್ತದೆ. 2023ರಿಂದ 25,102ರಂತೆ ಕಟ್ಟಿದ ಅವರ ಖಾತೆಯಲ್ಲಿರುವ ನಿಜವಾದ ಬಾಕಿ 29,24,356. ಮೂರು ವರ್ಷದಲ್ಲಿ ಅವರ ಕೈಬಿಟ್ಟದ್ದು 8,81,556 ರೂಪಾಯಿ, ಅವರ ಸಾಲ ಇಳಿದದ್ದು 75,644 ರೂಪಾಯಿ. ಒಂದೂವರೆ ಲಕ್ಷಕ್ಕೂ ಮೀರಿದ ಈ ಅಂತರವನ್ನು ಆ ಕಾಗದದ ಯಾವ ಪುಟವೂ ತೋರಿಸುವುದಿಲ್ಲ.

ಸಮಾಧಾನದ ಮಾತುಗಳಿಗೇನೂ ಬರವಿಲ್ಲ. ಅದರಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು, ಎಲ್ಲಕ್ಕಿಂತ ಅಪಾಯದ್ದೂ ಹೌದು: “ಬ್ಯಾಂಕಿನವರು ಮೊದಲ ವರ್ಷಗಳಲ್ಲೇ ಬಡ್ಡಿಯನ್ನೆಲ್ಲ ಮುರಿದುಕೊಂಡು ಬಿಡುತ್ತಾರೆ, ಅಸಲು ಮುಟ್ಟುವುದು ಆಮೇಲೆ. ಅದು ಅವರ ತಂತ್ರ, ನಾವೇನು ಮಾಡಲಾಗುತ್ತದೆ?” ಕೇಳಲು ಬಂಡಾಯದ ಮಾತಿನಂತಿದೆ, ಒಳಗೆ ಶರಣಾಗತಿ. ಮುಂದಿನ ವರ್ಷಗಳ ಬಡ್ಡಿಯನ್ನು ಯಾರೂ ಮುಂಗಡ ಮುರಿದುಕೊಳ್ಳುವುದಿಲ್ಲ. ಪ್ರತಿ ತಿಂಗಳೂ ಆ ತಿಂಗಳ ಬಾಕಿಗೆ ಆ ತಿಂಗಳ ದರ, ಅಷ್ಟೇ. ಮೊದಲ ತಿಂಗಳು ಬಡ್ಡಿ ಹೆಚ್ಚು ಏಕೆಂದರೆ ಮೊದಲ ತಿಂಗಳು ಸಾಲ ಹೆಚ್ಚು. ಇದರಲ್ಲಿ ತಂತ್ರವೆಲ್ಲಿದೆ? ತಂತ್ರವನ್ನು ಇಲ್ಲದಲ್ಲಿ ಹುಡುಕಿ ಬೈಯುವವರು, ಅವಧಿ ಎಳೆಯುವಾಗ ನಡೆದದ್ದನ್ನು ನೋಡುವುದೇ ಇಲ್ಲ.

ಈ ಮಾತಿನ ಬಾಲವಾಗಿ ಬರುವ ಇನ್ನೊಂದು ಉಪದೇಶ, ನಡುವೆ ಹಣ ಕಟ್ಟಿ ಪ್ರಯೋಜನವಿಲ್ಲ ಎಂಬುದು. ಬಡ್ಡಿಯೆಲ್ಲ ಆಗಲೇ ಹೋಗಿದೆಯಲ್ಲ ಎಂಬ ತರ್ಕ. ಮೇಷ್ಟ್ರು 2023ರ ಏಪ್ರಿಲ್‌ನಲ್ಲಿ ಎಲ್ಲಿಂದಲೋ ಒಂದು ಲಕ್ಷ ಹೊಂದಿಸಿ ಅಸಲಿಗೇ ಕಟ್ಟಿ, ಕಂತನ್ನು 25,102ರಲ್ಲೇ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ತಿಂಗಳ ಬಡ್ಡಿ 792 ರೂಪಾಯಿ ಕಡಿಮೆಯಾಗುತ್ತಿತ್ತು. ಆ ತಿಂಗಳಿಂದಲೇ ಅಷ್ಟು ಹಣ ಅಸಲಿನ ಕಡೆ ತಿರುಗುತ್ತಿತ್ತು. 9.5ರ ದರ ಹಾಗೇ ಇದ್ದರೂ 348 ಕಂತಿನ ಸಾಲ 298ನೇ ಕಂತಿಗೆ ಮುಗಿಯುತ್ತಿತ್ತು. ಒಂದು ಲಕ್ಷಕ್ಕೆ ಐವತ್ತು ಕಂತು ಮಾಯ, ಹನ್ನೆರಡೂವರೆ ಲಕ್ಷ ರೂಪಾಯಿ ಕಟ್ಟುವುದು ತಪ್ಪುತ್ತದೆ. ಬದಲಾಗುವ ದರದ ಗೃಹಸಾಲಕ್ಕೆ ಹೀಗೆ ಮುಂಚೆ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂಬ ನಿಯಮ 2012ರಿಂದಲೂ ಇದೆ. ಇಷ್ಟಿದ್ದೂ ಪ್ರಯೋಜನವಿಲ್ಲವೆಂದು ಯಾವ ಧೈರ್ಯದಲ್ಲಿ ಹೇಳುತ್ತಾರೆ?

ತೆರಿಗೆ ಉಳಿಯುತ್ತದೆ ಎಂಬವರ ಮಾತಿಗೂ ಒಂದು ಕಂಡಿಕೆ ಮೀಸಲಿಡಬೇಕು. ಸಾಲಗಾರ ನೌಕರರು ಪ್ರತಿ ವರ್ಷ ಜನವರಿಯಲ್ಲಿ ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತಂದು ಕಚೇರಿಗೆ ಕೊಡುತ್ತಿದ್ದರು, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರು ಈಗಲೂ ಕೊಡುತ್ತಾರೆ. ಆ ವರ್ಷ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದು ಅದರಲ್ಲಿ ಬೇರೆ ಬೇರೆಯಾಗಿ ಅಚ್ಚಾಗಿರುತ್ತದೆ. ಇಡೀ ಲೇಖನ ಹೇಳಹೊರಟ ಸಂಗತಿ ಒಂದು ಹಾಳೆಯಲ್ಲಿ, ಮುದ್ರೆ ಸಮೇತ! ಅದನ್ನು ಜೆರಾಕ್ಸ್ ಮಾಡಿಸಿ ಕೊಟ್ಟು ಬರುತ್ತಾರೆ, ಓದುವುದಿಲ್ಲ. ಓದಿದ್ದರೆ ಮೇಷ್ಟ್ರಿಗೆ ಮೊದಲ ವರ್ಷವೇ ಬಡ್ಡಿ 2,45,953, ಅಸಲು 33,155 ಎಂದು ಕಾಣುತ್ತಿತ್ತು. ಸ್ವಂತ ವಾಸದ ಮನೆಗೆ ವಿನಾಯಿತಿ ಸಿಗುವುದು 2 ಲಕ್ಷದವರೆಗಿನ ಬಡ್ಡಿಗೆ ಮಾತ್ರ. ಅತ್ಯಂತ ಮೇಲಿನ ಶೇಕಡ 30ರ ಹಂತದಲ್ಲಿದ್ದವರಿಗೂ ಅದರಿಂದ ಉಳಿಯುವುದು ಸೆಸ್ ಸೇರಿ 62,400. ಹೊಸ ಪದ್ಧತಿಗೆ ಹೋದವರಿಗೆ ಅದೂ ಇಲ್ಲ. ಅರುವತ್ತು ಸಾವಿರ ಉಳಿಸಲೆಂದು ಎರಡೂವರೆ ಲಕ್ಷ ಬಡ್ಡಿ ಕಟ್ಟುವುದನ್ನು ಜಾಣತನವೆನ್ನುವವರಿಗೆ ಕಸಬರಿಗೆ ಉಳಿಸಲು ಮನೆ ಗುಡಿಸದೆ ಬಿಟ್ಟವರ ನೆಂಟಸ್ತಿಕೆ ಇರಬೇಕು.

“ಸಂಬಳ ಏರುತ್ತದೆ, ಹತ್ತು ವರ್ಷ ಕಳೆದರೆ ಈ ಇಪ್ಪತ್ತೈದು ಸಾವಿರ ಏನೂ ಅನ್ನಿಸುವುದಿಲ್ಲ” ಎನ್ನುವವರ ತರ್ಕದಲ್ಲಿ ಸ್ವಲ್ಪ ಹುರುಳಿದೆ. ಸಂಬಳ ಏರುವುದು ನಿಜ. ಹಾಗಿದ್ದರೆ ಏರಿದ ಸಂಬಳದೊಂದಿಗೆ ಕಂತನ್ನೂ ಏರಿಸಿಕೊಂಡವರು ಎಲ್ಲಿದ್ದಾರೆ? ತುಟ್ಟಿಭತ್ಯೆ ಏರಿದ ತಿಂಗಳು ಶಾಖೆಗೆ ಹೋಗಿ “ನನ್ನ ಇಎಂಐ ಒಂದು ಸಾವಿರ ಜಾಸ್ತಿ ಮಾಡಿ” ಎಂದವರು ಬೆರಳೆಣಿಕೆಗೂ ಸಿಕ್ಕುವುದು ಕಷ್ಟ. ಏರಿದ ಸಂಬಳ ಹೊಸ ಸಾಲದ ಕಂತಿಗೆ ಹೋಗುತ್ತದೆ. ಬೈಕು ಕಾರಾಗುತ್ತದೆ, ಹಳೆಯ ಸಾಲ ಹಳೆಯ ಹೆಜ್ಜೆಯಲ್ಲೇ ತೆವಳುತ್ತದೆ.

ದರ ಇಳಿಯುವಾಗಲಾದರೂ ಈ ಕುರುಡು ಬಿಡುತ್ತದೆಯೇ? ಬಿಡುವುದಿಲ್ಲ, ತಿರುಗುಮುರುಗಾಗುತ್ತದೆ. 2025ರ ಫೆಬ್ರವರಿಯಿಂದ ಜೂನ್ ನಡುವೆ ರೆಪೊ ಮೂರು ಸಲ ಇಳಿದು 6.5ರಿಂದ 5.5ಕ್ಕೆ ಬಂತು. ಮೇಷ್ಟ್ರ ದರ ಜುಲೈ ಹೊತ್ತಿಗೆ 8.5. ಈಗ 25,102 ಕಟ್ಟುತ್ತಲೇ ಇದ್ದರೆ ಉಳಿದ 321 ಕಂತು ಸುಮಾರು 245ಕ್ಕೆ ಇಳಿಯುತ್ತದೆ, ಆರು ವರ್ಷಕ್ಕೂ ಹೆಚ್ಚು ಕಾಲ ತಾನಾಗಿಯೇ ಉದುರುತ್ತದೆ. ಏರುವಾಗ “ಕಂತು ಬದಲಾಗದಿರಲಿ” ಎಂದು ಹಾರೈಸಿದವರು ಈಗಲೂ ಹಾಗೇ ಹಾರೈಸಬೇಕಲ್ಲ? ಇಲ್ಲ, ಈಗ ಶಾಖೆಗೆ ಓಡುತ್ತಾರೆ: “ಬಡ್ಡಿ ಇಳಿದಿದೆ, ನನ್ನ ಇಎಂಐ ಇಳಿಸಿ!” ಇಳಿಸಿದರೆ ಕಂತು 23,051 ಆಗುತ್ತದೆ, ತಿಂಗಳಿಗೆ 2,051 ಉಳಿಯುತ್ತದೆ, 321 ಕಂತು ಹಾಗೇ ಉಳಿಯುತ್ತದೆ. ಕೊನೆಗೆ ಕೂಡಿಸಿ ನೋಡಿದರೆ 12 ಲಕ್ಷಕ್ಕೂ ಹೆಚ್ಚು ಕೈಬಿಟ್ಟಿರುತ್ತದೆ. ಏರುವಾಗ ಕಂತು ಹಿಡಿದು ಅವಧಿ ಎಳೆಸಿಕೊಂಡರು, ಇಳಿಯುವಾಗ ಅವಧಿ ಹಿಡಿದು ಕಂತು ಇಳಿಸಿಕೊಂಡರು. ಎರಡು ಸಲವೂ ಸರಿಯಾಗಿ ತಪ್ಪು ಬಾಗಿಲನ್ನೇ ತಟ್ಟಿದರು.

ಕಷ್ಟದಲ್ಲಿರುವವರಿಗೆ ಕಂತು ಏರಿಸಿಕೊಳ್ಳಿ ಎನ್ನುವುದು ಕ್ರೌರ್ಯವಲ್ಲವೇ ಎಂದು ಕೇಳಬಹುದು. ಕೆಲಸ ಹೋದವರಿಗೆ, ಮನೆಯಲ್ಲಿ ಕಾಯಿಲೆ ಇರುವವರಿಗೆ ಅವಧಿ ಎಳೆಯುವುದು ಬದುಕುವ ದಾರಿ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆಕ್ಷೇಪ ಇರುವುದು ಆ ದಾರಿಯ ಬಗ್ಗೆಯಲ್ಲ. ಬೆಲೆ ತಿಳಿಯದೆ, ಕೇಳದೆ, ಸಹಿಯಿಲ್ಲದೆ ಎಲ್ಲರನ್ನೂ ಅದೇ ದಾರಿಗೆ ಹೊರಳಿಸಿ, ಅದಕ್ಕೆ ಅನುಕೂಲ ಎಂಬ ಹೆಸರಿಡುವುದರ ಬಗ್ಗೆ. ಹತ್ತು ವರ್ಷದ ಬಡ್ಡಿಯನ್ನು ಒಂದು ಎಸ್‌ಎಂಎಸ್‌ನಲ್ಲಿ ಮುಗಿಸುವುದು ಯಾವ ಸೌಜನ್ಯ?

ಆದ್ದರಿಂದ ನಿಯಮ ತಲೆಕೆಳಗಾಗಬೇಕು. ದರ ಬದಲಾದಾಗ ತಾನೇತಾನಾಗಿ ಬದಲಾಗಬೇಕಾದದ್ದು ಕಂತು, ಅಲುಗಾಡದೆ ನಿಲ್ಲಬೇಕಾದದ್ದು ಕೊನೆಯ ಕಂತಿನ ತಿಂಗಳು. ಅವಧಿ ಎಳೆಯಬೇಕೆನ್ನುವವರು ಎಳೆಸಿಕೊಳ್ಳಲಿ, ಆದರೆ ಎರಡೂ ದಾರಿಯ ಒಟ್ಟು ಬಡ್ಡಿಯನ್ನು ರೂಪಾಯಿಯಲ್ಲಿ ಬರೆದ ಹಾಳೆಗೆ ಸಹಿ ಹಾಕಿದ ಮೇಲೆ. ಪ್ರತಿ ತಿಂಗಳು “ನಿಮ್ಮ ಇಎಂಐ ಕಡಿತವಾಗಿದೆ” ಎಂದು ಬರುವ ಸಂದೇಶದಲ್ಲಿ ಇಷ್ಟು ಬಡ್ಡಿಗೆ, ಇಷ್ಟು ಅಸಲಿಗೆ, ಬಾಕಿ ಇಷ್ಟು, ಕೊನೆಯ ಕಂತು ಇಂಥ ವರ್ಷದ ಇಂಥ ತಿಂಗಳು ಎಂಬ ನಾಲ್ಕು ಅಂಶ ಇರಲೇಬೇಕು, ಕನ್ನಡದಲ್ಲೂ ಇರಬೇಕು. ಬಾಕಿ ಹಣದ ನೆನಪೋಲೆ ಕಳಿಸಲು ಕನ್ನಡ ಬರುವ ಬ್ಯಾಂಕುಗಳಿಗೆ ಇದಕ್ಕೆ ಮಾತ್ರ ಬಾರದೇ? ಸಾಲ ಕೊಡುವ ದಿನ ಕೈಗಿಡುವ ಪಟ್ಟಿ ಒಂದಲ್ಲ, ಎರಡಿರಬೇಕು: ಒಂದು ಅಂದಿನ ದರಕ್ಕೆ, ಇನ್ನೊಂದು ಅದಕ್ಕಿಂತ ಎರಡೂವರೆ ಹೆಚ್ಚಿನ ದರಕ್ಕೆ. 2022ರ ಮೇ ತಿಂಗಳಿಂದ ಒಂದೇ ವರ್ಷದೊಳಗೆ ಅಷ್ಟು ಏರಿದ ಮೇಲೆ ಅದು ಕಲ್ಪನೆಯ ಭೂತವೆಂದು ಯಾರೂ ಹೇಳಲಾರರು.

ರಿಸರ್ವ್ ಬ್ಯಾಂಕು ಇದನ್ನೆಲ್ಲ ಮಾಡುವವರೆಗೆ ಸಾಲಗಾರರು ಕಾಯಬೇಕಾಗಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲೋ ಸಾಲದ ಖಾತೆಯ ಸ್ಟೇಟ್‌ಮೆಂಟಿನಲ್ಲೋ ಇಂದಿನ ಬಾಕಿ ಸಿಗುತ್ತದೆ. ಅದನ್ನು ಇಂದಿನ ದರದಿಂದ ಗುಣಿಸಿ 1200ರಿಂದ ಭಾಗಿಸಿದರೆ ಬರುವುದು ಈ ತಿಂಗಳ ಬಡ್ಡಿ. ಬ್ಯಾಂಕು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತಿದ್ದರೆ 31 ದಿನದ ತಿಂಗಳಿಗೂ ಫೆಬ್ರವರಿಗೂ ಉತ್ತರ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಅಷ್ಟಕ್ಕೆ ಗಾಬರಿ ಬೇಡ. ಕಂತಿನಿಂದ ಅದನ್ನು ಕಳೆದಾಗ ಉಳಿಯುವುದೇ ತೀರಿದ ಸಾಲ. ಆ ಉಳಿಕೆ ಕಂತಿನ ಹತ್ತರಲ್ಲೊಂದು ಪಾಲೂ ಇಲ್ಲದಿದ್ದರೆ ಅಂದೇ ಶಾಖೆಗೆ ಹೋಗಬೇಕು. ಹೋದಾಗ “ಇಎಂಐ ಎಷ್ಟಾಗಿದೆ?” ಎಂದು ಕೇಳಬಾರದು. ಉಳಿದ ಕಂತು ಎಷ್ಟು, ಮೊದಲು ಒಪ್ಪಿದ್ದು ಎಷ್ಟು, ಎಳೆದವರು ಯಾರು, ಯಾವ ತಾರೀಖಿನ ನನ್ನ ಯಾವ ಸಹಿಯ ಮೇಲೆ ಎಳೆದಿರಿ ಎಂದು ಕೇಳಬೇಕು. ಉತ್ತರವನ್ನು ಬಾಯಲ್ಲಿ ಹೇಳಿದರೆ ಒಪ್ಪದೆ, ಹೊಸ ದರಕ್ಕೆ ಹೊಸ ಮರುಪಾವತಿ ಪಟ್ಟಿ ಮುದ್ರಿಸಿ ಮೊಹರು ಹಾಕಿಸಿಕೊಂಡೇ ಕುರ್ಚಿಯಿಂದ ಏಳಬೇಕು.